ಹದಿನೆಂಟು ಸ್ಪಿಂಡಲ್ಲು ಮತ್ತು ‘ನಾಳೆ ಬಾ’

ಪೀಣ್ಯದ ಶೆಡ್ಡುಗಳಲ್ಲಿ ಯಾರೂ ಬರೆದಿಡದ, ಆದರೆ ಬಹಳಷ್ಟು ಮಂದಿ ಪಾಲಿಸುವ ಒಂದು ನಿಯಮವಿದೆ. ಮಾಲು ತಡವಾಗುತ್ತದೆ ಎಂದು ಗೊತ್ತಾದರೂ ಪಾರ್ಟಿಗೆ ನಾವಾಗಿ ಹೇಳಬಾರದು. ಅವರೇ ಫೋನ್ ಮಾಡಿದರೆ ‘ಪ್ಲೇಟಿಂಗಿಗೆ ಹೋಗಿದೆ ಸರ್, ನಾಳೆ ಕಳಿಸ್ತೀವಿ’ ಎನ್ನಬೇಕು. ಮರುದಿನವೂ ಫೋನ್ ಬಂದರೆ ಕರೆಂಟಿನ ಮೇಲೋ ಊರಿಗೆ ಹೋದ ಹುಡುಗರ ಮೇಲೋ ಹಾಕಿ ಇನ್ನೊಂದು ‘ನಾಳೆ’ ಕೊಡಬೇಕು. ‘ತಡವಾಗುತ್ತೆ, ಬೇಡವಾದರೆ ಆರ್ಡರ್ ರದ್ದು ಮಾಡಿ’ ಎಂಬ ಮಾತಂತೂ ನಾಲಿಗೆಯ ಮೇಲೆ ಬರಲೇಬಾರದು. ಒಂದು ಕಾಲಕ್ಕೆ ನಮ್ಮ ಊರುಗಳ ಬಾಗಿಲ ಮೇಲೆ ದೆವ್ವ ಬಾರದಿರಲೆಂದು ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ಬಂದ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಪಾರ್ಟಿಯನ್ನೂ ಹಾಗೇ ವಾಪಸು ಕಳಿಸಬಹುದು ಎಂಬುದು ಈ ನಿಯಮದ ತಿರುಳು. ಇದನ್ನು ಬರೀ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಇದನ್ನು ಪಾಲಿಸುವವರ ಬಳಿ ಒಂದು ತರ್ಕವಿದೆ. ಆ ತರ್ಕ ಎಲ್ಲಿ ಜಾರುತ್ತದೆ ಎಂಬುದನ್ನು ಹಂತಹಂತವಾಗಿ ನೋಡುವುದು ಈ ಲೇಖನದ ಕೆಲಸ.

ಮೊದಲು ಆ ತರ್ಕವನ್ನು ಅದರ ಪೂರ್ಣ ಬಲದಲ್ಲಿ ಇಡೋಣ. ಪೀಣ್ಯದಲ್ಲಿ ಒಂದು ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸೂರಿನಡಿ ಮಾಡುವ ಸಣ್ಣ ಘಟಕ ಕಡಿಮೆ. ಟರ್ನಿಂಗ್ ಒಬ್ಬರದು, ಹೀಟ್ ಟ್ರೀಟ್‌ಮೆಂಟ್ ಇನ್ನೊಬ್ಬರದು, ಪ್ಲೇಟಿಂಗ್ ಮತ್ತೊಬ್ಬರದು, ಗ್ರೈಂಡಿಂಗ್ ಪಕ್ಕದ ಕ್ರಾಸಿನಲ್ಲಿ. ಒಂದು ಶಾಫ್ಟು ಮುಗಿಯುವ ಹೊತ್ತಿಗೆ ಟೆಂಪೊದಲ್ಲಿ ನಾಲ್ಕು ಶೆಡ್ಡು ಸುತ್ತಿರುತ್ತದೆ. ಹೀಗಿರುವಾಗ ಮಾತು ಕೊಟ್ಟವನ ಕೈಯಲ್ಲಿ ಆ ಮಾತನ್ನು ಉಳಿಸಿಕೊಳ್ಳುವ ಎಲ್ಲ ದಾರಿಗಳೂ ಇರುವುದಿಲ್ಲ. ಸಣ್ಣಪುಟ್ಟ ತಡ ದಿನವೂ ಆಗುತ್ತದೆ, ಓವರ್‌ಟೈಮ್ ಹಾಕಿದರೆ ಅರ್ಧಕ್ಕರ್ಧ ಸರಿಯೂ ಹೋಗುತ್ತದೆ. ಪ್ರತಿಯೊಂದನ್ನೂ ಹೇಳುತ್ತ ಕೂತರೆ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಕೂತಿರುವ ಪರ್ಚೇಸ್ ವಿಭಾಗ ಗಾಬರಿಯಾಗಿ ಇನ್ನೊಬ್ಬರಿಗೆ ಕೆಲಸ ಕೊಟ್ಟುಬಿಡುತ್ತದೆ. ಡ್ರಾಯಿಂಗ್ ಪ್ರಕಾರ ಕಟ್ ಮಾಡಿದ ಭಾಗ ಆ ಒಬ್ಬ ಪಾರ್ಟಿಗಲ್ಲದೆ ಬೇರೆ ಯಾರಿಗೂ ಬೇಡ; ಅವರು ಬಿಟ್ಟರೆ ಅದು ಗುಜರಿಯ ತೂಕಕ್ಕೆ ಹೋಗುತ್ತದೆ. ಆದ್ದರಿಂದ ಸುಮ್ಮನಿರುವುದೇ ಜಾಣತನ, ರದ್ದು ಮಾಡುವ ದಾರಿ ತೋರಿಸುವುದು ಕೊಟ್ಟಿಗೆಯ ಬಾಗಿಲನ್ನು ನಾವೇ ತೆಗೆದಿಟ್ಟಂತೆ. ವಾದ ಇಷ್ಟು. ಇದರ ಒಂದೊಂದು ಬಿಡಿ ಮಾತೂ ಹೆಚ್ಚುಕಡಿಮೆ ನಿಜ. ತಪ್ಪು ಇರುವುದು ಅವುಗಳಿಂದ ಎಳೆದ ತೀರ್ಮಾನದಲ್ಲಿ.

ಅದನ್ನು ಕಾಣಲು ಒಂದು ಕೆಲಸವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಇದು ಊಹಿಸಿಕೊಂಡ ಲೆಕ್ಕ, ಆದರೆ ಪೀಣ್ಯದಲ್ಲಿ ಕೆಲಸ ಮಾಡಿದವರು ಇಂಥದ್ದನ್ನು ನೋಡಿಯೇ ಇರುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಪ್ಯಾಕೇಜಿಂಗ್ ಯಂತ್ರದ ಕಂಪನಿ 60 ಸ್ಪಿಂಡಲ್ಲುಗಳಿಗೆ ಪಿಒ ಕೊಟ್ಟಿದೆ. ತಿಂಗಳ 20ನೇ ತಾರೀಖು, ಶನಿವಾರ, ಮಾಲು ಅವರ ಗೇಟಿನಲ್ಲಿರಬೇಕು. ಟರ್ನಿಂಗ್ ಆಯಿತು, ಕೀವೇ ಮಿಲ್ಲಿಂಗ್ ಆಯಿತು, ಮೇಲ್ಮೈ ಗಟ್ಟಿಯಾಗಲೆಂದು ಕೇಸ್ ಹಾರ್ಡನಿಂಗಿಗೆ ಕಳಿಸಿದ್ದಾಯಿತು. 12ನೇ ತಾರೀಖು, ಶುಕ್ರವಾರ ಸಂಜೆ, ಮಾಲು ಕುಲುಮೆಯಿಂದ ವಾಪಸು ಬಂತು. ಕುಲುಮೆಗೆ ಹೋಗಿಬಂದ ಉದ್ದನೆಯ ಶಾಫ್ಟು ಸ್ವಲ್ಪ ಬಾಗುವುದು ಸಹಜ; ಅದಕ್ಕೆಂದೇ ಗ್ರೈಂಡಿಂಗಿನಲ್ಲಿ ತೆಗೆಯಲು ಒಂದಿಷ್ಟು ಮೈ ಉಳಿಸಿರುತ್ತಾರೆ. ಇಲ್ಲಿ ಉಳಿಸಿದ್ದು ವ್ಯಾಸದಲ್ಲಿ 0.4 ಮಿಲಿಮೀಟರ್, ಅಂದರೆ ಒಂದು ಬದಿಗೆ 0.2. ಮೇಸ್ತ್ರಿ ಒಂದೊಂದನ್ನೇ ಸೆಂಟರುಗಳ ನಡುವೆ ಹಿಡಿದು, ಡಯಲ್ ಗೇಜ್ ಇಟ್ಟು, ಕೈಯಲ್ಲಿ ತಿರುಗಿಸಿ ನೋಡುತ್ತಾನೆ. ಮುಳ್ಳು ಒಟ್ಟು 0.4ರೊಳಗೆ ಆಡಿದರೆ ಗ್ರೈಂಡಿಂಗಿನಲ್ಲಿ ಸುತ್ತಲೂ ಮೈ ಸಿಗುತ್ತದೆ. ಅದಕ್ಕಿಂತ ಹೆಚ್ಚು ಆಡಿದರೆ ಒಂದು ಬದಿಯಲ್ಲಿ ಕಲ್ಲು ತಾಗುವುದೇ ಇಲ್ಲ, ಕಪ್ಪು ಕಲೆ ಹಾಗೇ ಉಳಿಯುತ್ತದೆ; ತಾಗಿದ ಬದಿಯಲ್ಲಿ ಗಟ್ಟಿ ಪದರವೇ ಸವೆದು ತೆಳ್ಳಗಾಗುತ್ತದೆ. 42 ಪಾಸಾದವು, 18 ಫೇಲಾದವು. ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಬಹುದಲ್ಲ ಎಂದರೆ, ಗಟ್ಟಿಯಾದ ಪದರ ಬಗ್ಗುವ ಬದಲು ಕೂದಲೆಳೆಯಷ್ಟು ಬಿರಿಯಬಹುದು. ಆ ಬಿರುಕು ಕಣ್ಣಿಗೆ ಕಾಣದೆ ಯಂತ್ರದೊಳಗೆ ಹೋಗಿ ಅಲ್ಲಿ ಮುರಿಯುತ್ತದೆ. ಹಾಗಾಗಿ ಈ 18 ಮತ್ತೆ ಮೊದಲಿನಿಂದ ಆಗಬೇಕು. ಶುಕ್ರವಾರ ಸಂಜೆ ಏಳು ಗಂಟೆಗೆ ಇದು ಶೆಡ್ಡಿನ ಮಾಲೀಕನಿಗೆ ಗೊತ್ತು. ಪಾರ್ಟಿಗೆ ಗೊತ್ತಿಲ್ಲ.

ಈಗ ನಿಯಮದ ಮೊದಲ ಗೊಂದಲ ಬಯಲಾಗುತ್ತದೆ. ತಡ ಎಂಬುದು ನಮ್ಮ ಶೆಡ್ಡಿನಲ್ಲಿ ಆಗುವ ಸಂಗತಿ, ಅದರ ಅಳತೆ ನಮಗೆ ಗೊತ್ತು ಎಂದು ಮಾಲೀಕ ತಿಳಿದಿದ್ದಾನೆ. ಆದರೆ ನಮಗೆ ಗೊತ್ತಿರುವುದು ಎಷ್ಟು ದಿನ ಎಂಬುದು ಮಾತ್ರ. ಆ ದಿನಗಳ ಬೆಲೆ ಎಷ್ಟು ಎಂಬುದು ಪಾರ್ಟಿಯ ಪುಸ್ತಕದಲ್ಲಿದೆ. ಇದೇ 18 ಸ್ಪಿಂಡಲ್ಲುಗಳ ತಡವನ್ನು ಇಬ್ಬರು ಪಾರ್ಟಿಗಳ ಕಡೆಯಿಂದ ನೋಡಿ. ಮೊದಲನೆಯವರು ವಾರಕ್ಕೆ 12 ಸ್ಪಿಂಡಲ್ ಬಳಸಿ ಯಂತ್ರ ಜೋಡಿಸುತ್ತಾರೆ. 42 ಸರಿಯಾಗಿ 20ಕ್ಕೆ ಬಂದರೆ ಅವರಿಗೆ ಮೂರೂವರೆ ವಾರದ ಕೆಲಸ ಸಿಕ್ಕಿತು; ಉಳಿದವು ಹತ್ತು ದಿನ ಬಿಟ್ಟು ಬಂದರೂ ಅವರ ಲೈನಿಗೆ ತಡ ಎಂಬುದೇ ಆಗಲಿಲ್ಲ. ಎರಡನೆಯವರು 60ನ್ನೂ ಒಂದೇ ಕನ್‌ಸೈನ್‌ಮೆಂಟಿನಲ್ಲಿ ಹೊರದೇಶಕ್ಕೆ ಕಳಿಸಬೇಕು. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ಟಿನಲ್ಲಿ ಹಡಗಿಗೆ ಏರಿಸುವ ಕೊನೆಯ ದಿನಾಂಕ ಬರೆದಿದೆ. ಆ ದಿನ ದಾಟಿ ಹಡಗೇರಿದರೆ ಬ್ಯಾಂಕು ಕಾಗದಪತ್ರ ಒಪ್ಪದೆ ಹಣ ತಡೆಹಿಡಿಯಬಹುದು. ಅವರಿಗೆ 42 ಬಂದೂ ಉಪಯೋಗ ಕಡಿಮೆ, ಉಳಿದ 18 ಹತ್ತು ದಿನ ಬಿಟ್ಟು ಬಂದರೆ ಉಪಯೋಗವೇ ಇಲ್ಲ. ಒಂದೇ ತಡ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಇಡೀ ಆರ್ಡರ್. ಯಾವ ಪಾರ್ಟಿ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಶೆಡ್ಡಿನಲ್ಲಿ ಕೂತು ಊಹಿಸಲಾಗದು. ‘ಸುಮ್ಮನಿದ್ದರೆ ಆರ್ಡರ್ ಉಳಿಯುತ್ತದೆ’ ಎನ್ನುವವನು ಮೊದಲನೆಯ ಪಾರ್ಟಿಯ ಮುಂದೆ ಸುಮ್ಮನೆ ಹೆದರಿದ್ದಾನೆ, ಎರಡನೆಯ ಪಾರ್ಟಿಯ ವಿಷಯದಲ್ಲಿ ತನಗೆ ಅಧಿಕಾರವಿಲ್ಲದ ತೀರ್ಮಾನವನ್ನು ತಾನೇ ಮಾಡಿಬಿಟ್ಟಿದ್ದಾನೆ.

ಎರಡನೆಯ ಗೊಂದಲ ಹೊತ್ತಿನದು. ‘ಪೂರ್ತಿ ಖಾತ್ರಿಯಾದ ಮೇಲೆ ಹೇಳೋಣ’ ಎಂಬುದು ಜವಾಬ್ದಾರಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಸುದ್ದಿಯ ಬೆಲೆ ದಿನದಿನಕ್ಕೆ ಇಳಿಯುತ್ತದೆ. ಹೊಸ 18ಕ್ಕೆ ಬೇಕಾದ ದಿನಗಳನ್ನು ಎಣಿಸಿ: ಬಾರ್ ತರಲು ಒಂದು ದಿನ, ಕಟಿಂಗ್ ಮತ್ತು ಟರ್ನಿಂಗಿಗೆ ಎರಡು, ಕೀವೇಗೆ ಒಂದು, ಕುಲುಮೆಗೆ ಹೋಗಿಬರಲು ನಾಲ್ಕು, ಗ್ರೈಂಡಿಂಗಿಗೆ ಎರಡು, ಇನ್‌ಸ್ಪೆಕ್ಷನ್ ಮತ್ತು ಸಾಗಣೆಗೆ ಒಂದು. ಒಟ್ಟು ಹನ್ನೊಂದು ಕೆಲಸದ ದಿನ. ನಮ್ಮ ಬದಲು ಪಾರ್ಟಿ ಇನ್ನೊಂದು ಶೆಡ್ಡಿಗೆ ಹೋದರೂ ಅಲ್ಲಿಯೂ ಇದೇ ಹನ್ನೊಂದು ದಿನ ಬೇಕು. 12ರ ಸಂಜೆಯೇ ಹೇಳಿದರೆ, ಕೈ ಖಾಲಿ ಇರುವ ಶೆಡ್ಡು ಸಿಕ್ಕಿದಲ್ಲಿ, ಅವರಿಗೆ 25ಕ್ಕೆ ಮಾಲು ಸಿಗಬಹುದು. 19ರ ಸಂಜೆ ಹೇಳಿದರೆ ಅದು ಮುಂದಿನ ತಿಂಗಳಿಗೆ ಹೋಗುತ್ತದೆ. ಆ ಹೊತ್ತಿಗೆ ‘ಬೇಡವಾದರೆ ರದ್ದು ಮಾಡಿ’ ಎಂದರೂ ಅದು ಹೆಸರಿಗೆ ಮಾತ್ರ ದಾರಿ. ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡ್ ತೋರಿಸಿದ ಹಾಗೆ. ಆದ್ದರಿಂದ ಹೇಳಬೇಕಾದ ಹೊತ್ತನ್ನು ನಮ್ಮ ಖಾತ್ರಿಯಿಂದ ಅಳೆಯಲಾಗದು. ಬದಲಿ ವ್ಯವಸ್ಥೆಗೆ ಪಾರ್ಟಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇನ್ನೂ ಕೈಯಲ್ಲಿರುವಾಗ ಹೇಳಬೇಕು. ಓವರ್‌ಟೈಮಿನಲ್ಲಿ ಸರಿಹೋಗುವ ಒಂದು ದಿನದ ತಡಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಹಳೆಯ ನಿಯಮ ಸರಿಯೇ. ಮಾಲೇ ಫೇಲಾಗಿ ಕೆಲಸ ಮೊದಲ ಹಂತಕ್ಕೆ ಮರಳಿದಾಗ ಅನ್ವಯಿಸುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಗೊಂದಲ.

ಇನ್ನು ಹೊಸ ದಿನಾಂಕದ ವಿಷಯ. ಇಲ್ಲಿ ಹೇಳದವರಷ್ಟೇ ಹೇಳುವವರೂ ಎಡವುತ್ತಾರೆ. ಹೆದರಿಕೆಯಲ್ಲಿ ಬಾಯಿಗೆ ಬರುವ ದಿನಾಂಕ ಸಾಮಾನ್ಯವಾಗಿ ಎರಡು ದಿನ ಮುಂದಿನದು: ‘20ಕ್ಕೆ ಆಗಲ್ಲ ಮೇಡಂ, 22ಕ್ಕೆ ಪಕ್ಕಾ’. ಇದಕ್ಕೆ ಯಾವ ಲೆಕ್ಕವೂ ಇಲ್ಲ. ಕೇಳುವವರ ಸಿಟ್ಟು ಎಷ್ಟರಲ್ಲಿ ತಣಿದೀತು ಎಂಬ ಅಂದಾಜು ಅಷ್ಟೆ. ಲೆಕ್ಕ ಹಾಕುವವನು 13ರಿಂದ ಭಾನುವಾರಗಳನ್ನು ಬಿಟ್ಟು ಹನ್ನೊಂದು ದಿನ ಎಣಿಸಿ 25 ಎನ್ನುತ್ತಾನೆ. ಇದು ಮೇಲು, ಆದರೆ ಇದೂ ಸಾಲದು. 25 ಎಂಬುದು ಆರೂ ಹಂತ ಸರಿಯಾಗಿ ನಡೆದರೆ ಸಿಗುವ ದಿನ. ಪ್ರತಿ ಹಂತವೂ ಹತ್ತರಲ್ಲಿ ಒಂಬತ್ತು ಸಲ ಹೊತ್ತಿಗೆ ಮುಗಿಯುತ್ತದೆ ಎಂದೇ ಇಟ್ಟುಕೊಳ್ಳಿ. ಆರೂ ಹಂತ ಒಟ್ಟಿಗೆ ಹೊತ್ತಿಗೆ ಮುಗಿಯುವ ಸಂಭವ 0.9ನ್ನು ಆರು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.53. ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು, ಅಷ್ಟೆ. ಇದರ ಜತೆಗೆ ಇನ್ನೊಂದು ಅಸಮತೆ ಇದೆ: ಒಂದು ಹಂತ ತಡವಾದರೆ ಆ ತಡ ಮುಂದಿನದಕ್ಕೆ ಪೂರ್ತಿ ದಾಟುತ್ತದೆ, ಒಂದು ಹಂತ ಬೇಗ ಮುಗಿದರೆ ಆ ಲಾಭ ದಾಟುವುದು ಅಪರೂಪ. ಟರ್ನಿಂಗ್ ಒಂದು ದಿನ ಮೊದಲೇ ಮುಗಿದರೂ ಕುಲುಮೆಯವರು ತಮ್ಮ ಲೋಡ್ ತುಂಬುವವರೆಗೆ ಬೆಂಕಿ ಹಚ್ಚುವುದಿಲ್ಲ. ಆದ್ದರಿಂದ ನಮ್ಮ ಕೈಯಲ್ಲಿಲ್ಲದ ಹಂತಗಳಿಗೆ ಮಾತ್ರ ಹೆಚ್ಚು ದಿನ ಸೇರಿಸಬೇಕು: ಕುಲುಮೆಗೆ ಎರಡು, ಬೇರೆ ಕೆಲಸವೂ ಕಾಯುತ್ತಿರುವ ಗ್ರೈಂಡಿಂಗ್ ಮಿಷನ್ನಿಗೆ ಒಂದು. ಆಗ ಬರುವುದು 29, ಸೋಮವಾರ. ಪಾರ್ಟಿಗೆ ಹೇಳಬೇಕಾದದ್ದು ಈ ದಿನಾಂಕ.

ಇಲ್ಲಿ ಒಂದು ಸರಿಯಾದ ಆಕ್ಷೇಪ ಏಳುತ್ತದೆ. ದಿನ ಸೇರಿಸುತ್ತ ಹೋದರೆ ಎಲ್ಲಿ ನಿಲ್ಲಿಸುವುದು? ಮುಂದಿನ ತಿಂಗಳ 10 ಎಂದುಬಿಟ್ಟರೆ ಇನ್ನೂ ಭದ್ರ ಅಲ್ಲವೇ? ಈ ಪ್ರಶ್ನೆಗೆ ಉತ್ತರ ಸಿಗುವುದು ಆರ್ಡರ್ ರದ್ದು ಮಾಡುವ ದಾರಿಯಲ್ಲಿ. ಆ ದಾರಿ ಇಲ್ಲದಿದ್ದಾಗ ಯಾವ ದಿನಾಂಕ ಹೇಳಿದರೂ ಹೇಳುವವನಿಗೆ ಖರ್ಚಿಲ್ಲ. ಪಾರ್ಟಿ ಕಟ್ಟಿಬಿದ್ದಿದ್ದಾರೆ, 22 ಎಂದರೂ ಕಾಯಬೇಕು, 10 ಎಂದರೂ ಕಾಯಬೇಕು. ಖರ್ಚಿಲ್ಲದ ಮಾತಿಗೆ ತೂಕವೂ ಇರುವುದಿಲ್ಲ, ಕೇಳುವವರು ನಂಬುವುದೂ ಇಲ್ಲ. ದಾರಿ ತೆರೆದಿಟ್ಟ ಕೂಡಲೇ ದಿನಾಂಕಕ್ಕೆ ಎರಡೂ ಕಡೆಯಿಂದ ಬೆಲೆ ಬರುತ್ತದೆ. ತೀರಾ ದೂರದ ದಿನ ಹೇಳಿದರೆ ಪಾರ್ಟಿ ಆ 18ನ್ನು ಇಂದೇ ಬಿಡುತ್ತಾರೆ. ತೀರಾ ಹತ್ತಿರದ ದಿನ ಹೇಳಿ ತಪ್ಪಿದರೆ, ಅದನ್ನು ನಂಬಿ ಕಾದವರು ಮುಂದಿನ ಪಿಒಗಳನ್ನೇ ಬಿಡುತ್ತಾರೆ. ಇವೆರಡರ ನಡುವೆ ನಿಲ್ಲುವ ದಿನಾಂಕವೇ ಪ್ರಾಮಾಣಿಕ ದಿನಾಂಕ. ಹೊಸ ದಿನಾಂಕವನ್ನೂ ರದ್ದಿನ ಅವಕಾಶವನ್ನೂ ಎರಡು ಬೇರೆ ಬೇರೆ ಸೌಜನ್ಯಗಳೆಂದು ನೋಡಿ, ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಉಳಿಸಿಕೊಳ್ಳಬಹುದು ಎನ್ನುವವರು ಈ ಕೊಂಡಿಯನ್ನು ಗಮನಿಸಿಲ್ಲ.

ಹಾಗಾದರೆ ಗುಜರಿಯ ಭಯ? ರದ್ದಿನ ದಾರಿ ಎಂದರೆ ಯಾವಾಗ ಬೇಕಾದರೂ, ಯಾವ ಸ್ಥಿತಿಯಲ್ಲಾದರೂ ಕೈಬಿಡುವ ಹಕ್ಕು ಎಂದು ತಿಳಿದದ್ದರಿಂದ ಹುಟ್ಟಿದ ಭಯ ಅದು. ನಮ್ಮ ಲೆಕ್ಕದಲ್ಲಿ ಶುಕ್ರವಾರ ಸಂಜೆ ಆ ಹೊಸ 18 ಇನ್ನೂ ಹುಟ್ಟಿಯೇ ಇಲ್ಲ. ಶನಿವಾರ ಬಾರ್ ಬರುತ್ತದೆ, ಸೋಮವಾರ ಬೆಳಿಗ್ಗೆ ಅದಕ್ಕೆ ಗರಗಸ ತಾಗುತ್ತದೆ. ಗರಗಸ ತಾಗುವವರೆಗೆ ಬಾರ್ ಬರೀ ಬಾರ್, ಇನ್ನಾವ ಕೆಲಸಕ್ಕಾದರೂ ಆದೀತು. ಅಲ್ಲಿಯವರೆಗೆ ಪಾರ್ಟಿ ಬೇಡ ಎಂದರೆ ನಮಗಾಗುವ ನಷ್ಟ ಬಹಳ ಕಡಿಮೆ. ಆದ್ದರಿಂದ ದಾರಿಗೆ ಒಂದು ಗಡುವು ಇರಬೇಕು, ಆ ಗಡುವು ಕೆಲಸ ಹಿಂದಿರುಗಿಸಲಾಗದ ಹಂತಕ್ಕೆ ಹೋಗುವ ಕ್ಷಣದಲ್ಲಿರಬೇಕು. ಗುಜರಿಯ ಅಪಾಯ ಬೆಳೆಯುವುದು ಸುಮ್ಮನಿದ್ದಾಗಲೇ: ಹೇಳದೆ 18ನ್ನು ಮಾಡಿ ಮುಗಿಸಿ 26ಕ್ಕೆ ತೆಗೆದುಕೊಂಡು ಹೋದಾಗ ‘ಈಗ ಬೇಡ’ ಎಂಬ ಉತ್ತರ ಬಂದರೆ ಆಗ ಕೈಯಲ್ಲಿರುವುದು ನಿಜವಾದ ಗುಜರಿ.

ಇಷ್ಟನ್ನೂ ಸೇರಿಸಿ ಆ ಶುಕ್ರವಾರ ಸಂಜೆ ಹೋಗಬೇಕಾದ ಸಂದೇಶ ಬರೆದರೆ ಹೀಗಿರುತ್ತದೆ:

‘ನಮಸ್ಕಾರ ಮೇಡಂ. ನಿಮ್ಮ 60 ಸ್ಪಿಂಡಲ್ 20ಕ್ಕೆ ಪೂರ್ತಿ ಕೊಡೋಕೆ ಆಗಲ್ಲ. ಹೀಟ್ ಟ್ರೀಟ್‌ಮೆಂಟಲ್ಲಿ 18 ಬೆಂಡ್ ಆಗಿವೆ, ಗ್ರೈಂಡಿಂಗಿಗೆ ಮೈ ಸಿಗಲ್ಲ. ಒಳ್ಳೇ 42 ಪೀಸ್ 20ಕ್ಕೇ ಬರುತ್ತೆ. ಬಾಕಿ 18 ಹೊಸದಾಗಿ ಮಾಡಿ 29 ಸೋಮವಾರ ಸಂಜೆಯೊಳಗೆ ನಿಮ್ಮ ಗೇಟಿಗೆ ಕೊಡ್ತೀವಿ. ಆ 18 ಬೇಡ ಅಂದ್ರೆ 15 ಸೋಮವಾರ ಬೆಳಿಗ್ಗೆ 11ರೊಳಗೆ ಇದಕ್ಕೇ “18 ಬೇಡ” ಅಂತ ಉತ್ತರ ಹಾಕಿ, ಸಾಕು. ಯಾವ ಚಾರ್ಜೂ ಇಲ್ಲ, ಅದರ ಅಡ್ವಾನ್ಸ್ 3 ದಿನದಲ್ಲಿ ವಾಪಸ್ ಹಾಕ್ತೀವಿ. 11ಕ್ಕೆ ಬಾರ್ ಕಟ್ ಮಾಡೋಕೆ ಶುರು ಮಾಡ್ತೀವಿ. 60ನ್ನೂ ಒಟ್ಟಿಗೇ ಕಳಿಸಬೇಕಾದ ಮಾಲಾಗಿದ್ರೆ ದಯವಿಟ್ಟು ಇವತ್ತೇ ತಿಳಿಸಿ.’

ಇದರಲ್ಲಿ ಕ್ಷಮೆಯ ಮಾತು ಇಲ್ಲ, ಬೇಕಾದರೆ ಒಂದು ಸಾಲು ಸೇರಿಸಬಹುದು. ಕಾರಣ ಒಂದೇ ಸಾಲಿನಲ್ಲಿ ಮುಗಿದಿದೆ, ಅದೂ ದಿನಾಂಕವನ್ನು ನಂಬಿಸುವಷ್ಟಕ್ಕೆ: ಬಾಗಿದೆ, ಹೊಸದಾಗಿ ಮಾಡಬೇಕು, ಆದ್ದರಿಂದ ಎರಡು ದಿನದಲ್ಲಿ ಆಗುವ ಮಾತಲ್ಲ. ಕೆಟ್ಟ ಸಂದೇಶವನ್ನು ಗುರುತಿಸುವುದೂ ಇದರಿಂದ ಸುಲಭ. ಅದರಲ್ಲಿ ಕಾರಣ ಐದು ಸಾಲು ಇರುತ್ತದೆ, ದಿನಾಂಕ ‘ಆದಷ್ಟು ಬೇಗ’ ಎಂದಿರುತ್ತದೆ, ರದ್ದಿನ ದಾರಿ ‘ಏನಾದ್ರೂ ಇದ್ರೆ ಫೋನ್ ಮಾಡಿ’ ಎಂಬಲ್ಲಿಗೆ ನಿಲ್ಲುತ್ತದೆ. ಬೇಡ ಎನ್ನಲು ಪಾರ್ಟಿ ಫೋನ್ ಮಾಡಿ, ಮಾಲೀಕನ ಗೋಳು ಕೇಳಿ, ದಾಕ್ಷಿಣ್ಯಕ್ಕೆ ಬೀಳಬೇಕಾದರೆ ಅದನ್ನು ದಾರಿ ಎನ್ನುವಂತಿಲ್ಲ. ಎರಡು ಪದದ ಉತ್ತರದಲ್ಲಿ ಮುಗಿಯುವಂತಿರಬೇಕು.

ಕಾನೂನಿನ ಹೆಸರಲ್ಲಿ ಬರುವ ಆಕ್ಷೇಪವನ್ನು ಈಗ ನೋಡೋಣ. ‘ಬರೆದುಕೊಟ್ಟರೆ ತಪ್ಪೊಪ್ಪಿಗೆ ಆಗುತ್ತದೆ, ಆಮೇಲೆ ಪೆನಾಲ್ಟಿ ಹಾಕುತ್ತಾರೆ’ ಎಂಬುದು ಬಹಳ ಜನರ ನಂಬಿಕೆ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಮನ್ನು ಬಿಡಿಸಿ ಓದಿದರೆ ಚಿತ್ರ ಬೇರೆಯಾಗಿದೆ. ಅದು ಮೂರು ಮಾತು ಹೇಳುತ್ತದೆ.

1. ಸಮಯವೇ ಕರಾರಿನ ಜೀವಾಳ ಎಂಬುದು ಇಬ್ಬರ ಉದ್ದೇಶವಾಗಿದ್ದು ಗಡುವು ತಪ್ಪಿದರೆ, ಇಡೀ ಕರಾರನ್ನೋ ಅದರಲ್ಲಿ ಇನ್ನೂ ಪೂರೈಸದ ಭಾಗವನ್ನೋ ರದ್ದು ಮಾಡುವ ಆಯ್ಕೆ ಕೊಳ್ಳುವವರಿಗೆ ಬರುತ್ತದೆ.

2. ಸಮಯ ಅಷ್ಟು ಮುಖ್ಯವಾಗಿರದಿದ್ದರೆ, ತಡವೊಂದೇ ಕಾರಣಕ್ಕೆ ರದ್ದು ಮಾಡಲಾಗದು. ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು.

3. ಮೊದಲನೆಯ ಸಂದರ್ಭದಲ್ಲಿ, ರದ್ದು ಮಾಡುವ ಆಯ್ಕೆಯಿದ್ದೂ ಕೊಳ್ಳುವವರು ತಡವಾಗಿ ಬಂದ ಮಾಲನ್ನು ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ ಪರಿಹಾರ ಕೇಳುವ ಸೂಚನೆ ಕೊಟ್ಟಿರಬೇಕು. ಇಲ್ಲದಿದ್ದರೆ ಆಮೇಲೆ ಕೇಳುವಂತಿಲ್ಲ.

ಈ ಮೂರನ್ನು ನಮ್ಮ 18ರ ಮೇಲೆ ಇಟ್ಟು ನೋಡಿ. ಪಿಒನಲ್ಲಿ ಸಮಯವೇ ಜೀವಾಳ ಎಂದಿದ್ದರೆ, ಪೂರೈಸದ 18ನ್ನು ರದ್ದು ಮಾಡುವ ಹಕ್ಕು 20ರ ಗಡುವು ದಾಟಿದ ಕೂಡಲೇ ಪಾರ್ಟಿಗೆ ಹೇಗೂ ಬರುತ್ತದೆ. ಸಂದೇಶದಲ್ಲಿ ಅದನ್ನು ಬರೆದ ಮಾಲೀಕ ತನ್ನದಾಗಿದ್ದ ಏನನ್ನೂ ಬಿಟ್ಟುಕೊಡಲಿಲ್ಲ. ಬರಲಿರುವ ಹಕ್ಕನ್ನು ಇಬ್ಬರಿಗೂ ಅನುಕೂಲವಾದ ದಿನಕ್ಕೆ ಹಿಂದಕ್ಕೆ ತಂದ, ಅಷ್ಟೆ. ಬರೆದ ಸಂದೇಶಕ್ಕೆ ಪಾರ್ಟಿ ಒಪ್ಪಿಗೆ ಕೊಟ್ಟು 29ಕ್ಕೆ ಮಾಲು ಇಳಿಸಿಕೊಂಡರೆ, ಮೂರನೆಯ ಮಾತಿನ ಪ್ರಕಾರ ಪರಿಹಾರದ ಪ್ರಶ್ನೆ ಅಲ್ಲೇ ಇತ್ಯರ್ಥವಾಗುತ್ತದೆ: ಕೇಳುವುದಿದ್ದರೆ ಅವರು ಆಗಲೇ ಕೇಳಬೇಕು. ಅದೇ ಕಾಯಿದೆಯ 73ನೇ ಕಲಮು ನಷ್ಟ ಲೆಕ್ಕ ಹಾಕುವಾಗ ಅದನ್ನು ಕಡಿಮೆ ಮಾಡಿಕೊಳ್ಳಲು ಏನೇನು ಉಪಾಯವಿತ್ತು ಎಂಬುದನ್ನೂ ನೋಡಬೇಕು ಎನ್ನುತ್ತದೆ. ಎಂಟು ದಿನ ಮೊದಲೇ ತಿಳಿಸಿದವನು ‘ಆ ಉಪಾಯಕ್ಕೆ ಹೊತ್ತು ಕೊಟ್ಟಿದ್ದೆ’ ಎಂದು ತೋರಿಸಬಲ್ಲ. ಸುಮ್ಮನಿದ್ದವನಿಗೆ ಆ ಮಾತೂ ಇಲ್ಲ. ಕಾನೂನಿನ ಭಯ ಮೌನದ ಪರವಾಗಿ ವಾದಿಸುವುದಿಲ್ಲ.

ಈ ಜಾಗದಲ್ಲಿ ಇನ್ನೊಂದು ಬೆರಕೆಯನ್ನೂ ಬಿಡಿಸಬೇಕು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಮಿಕ್ಸಿ ತರಿಸುವವರಿಗೆ ರದ್ದಿನ ಬಟನ್ ಫೋನಿನಲ್ಲೇ ಸಿಗುತ್ತದೆ, ಹೇಳಿದ ದಿನ ದಾಟಿ ಬಂದ ಮಾಲನ್ನು ವಾಪಸು ತೆಗೆದುಕೊಳ್ಳಲು ಮಾರುವವರು ನಿರಾಕರಿಸುವಂತಿಲ್ಲ. ಇದು ಆ್ಯಪ್ ಕಂಪನಿಯ ಔದಾರ್ಯ ಎಂದು ತಿಳಿಯುವವರಿದ್ದಾರೆ. ತಡವಾದ ಮಾಲನ್ನು ವಾಪಸು ಪಡೆಯಬೇಕೆಂಬುದು 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳಲ್ಲಿ ಬರೆದ ಕರ್ತವ್ಯ. ಕೈಮೀರಿದ ವಿಪತ್ತಿನಿಂದಾದ ತಡಕ್ಕೆ ಮಾತ್ರ ವಿನಾಯಿತಿ. ಆದರೆ ಮರುಮಾರಾಟಕ್ಕೋ ವ್ಯಾಪಾರದ ಉದ್ದೇಶಕ್ಕೋ ಕೊಂಡವರು ಆ ಕಾನೂನಿನ ಕಣ್ಣಲ್ಲಿ ಸಾಮಾನ್ಯವಾಗಿ ಗ್ರಾಹಕರಲ್ಲ. ಹಾಗಾಗಿ 60 ಸ್ಪಿಂಡಲ್ ಕೊಂಡ ಕಂಪನಿಗೆ ಆ ಬಟನ್ ಇಲ್ಲ, ಇರುವುದು ಕರಾರು ಕಾಯಿದೆ ಮತ್ತು ಪಿಒದಲ್ಲಿ ಬರೆದದ್ದು ಮಾತ್ರ. ‘ದೊಡ್ಡ ಆ್ಯಪ್‌ಗಳು ಮಾಡುತ್ತವೆ, ನಮಗೇಕೆ’ ಎಂಬ ಮಾತನ್ನು ತಿರುಗಿಸಿ ಓದಬೇಕು: ಕಾನೂನು ಬಟನ್ ಕೊಡದ ಕಡೆ ಅದನ್ನು ಸಂದೇಶದಲ್ಲೇ ಇಡಬೇಕಾಗುತ್ತದೆ.

ಈಗ ಅತ್ಯಂತ ಕಷ್ಟದ ಪ್ರಶ್ನೆ. ಸಂದೇಶ ಕಳಿಸಿದ್ದಾಯಿತು, ಸೋಮವಾರ 11 ಗಂಟೆ ಆಯಿತು, ಉತ್ತರವೇ ಬರಲಿಲ್ಲ. ನೀಲಿ ಗೆರೆ ಬಿದ್ದಿದೆ, ಮಾತಿಲ್ಲ. ಈ ಮೌನಕ್ಕೆ ಏನು ಅರ್ಥ? ಇಲ್ಲಿ ಅಮೆರಿಕದ ಒಂದು ನಿಯಮ ಯೋಚನೆಗೆ ನೆರವಾಗುತ್ತದೆ. ಅಂಚೆಯಲ್ಲಿ ಹಣ ಕಳಿಸಿ ಮಾಲಿಗಾಗಿ ತಿಂಗಳುಗಟ್ಟಲೆ ಕಾಯುವವರ ದೂರುಗಳಿಗೆ ಉತ್ತರವಾಗಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಒಂದು ನಿಯಮ ಮಾಡಿತು. ಹೇಳಿದ ಹೊತ್ತಿಗೆ ಮಾಲು ಕಳಿಸಲಾಗದಿದ್ದರೆ ಮಾರುವವರು ಹೊಸ ದಿನಾಂಕವನ್ನೂ, ಖರ್ಚಿಲ್ಲದೆ ರದ್ದು ಮಾಡಿ ಹಣ ವಾಪಸು ಪಡೆಯುವ ದಾರಿಯನ್ನೂ ಒಟ್ಟಿಗೆ ತಿಳಿಸಬೇಕು. ನಿಯಮದ ಸೂಕ್ಷ್ಮ ಇರುವುದು ಮೌನವನ್ನು ಅದು ಓದುವ ರೀತಿಯಲ್ಲಿ. ಮೊದಲ ಸಲದ ತಡ 30 ದಿನದೊಳಗಿನದಾಗಿದ್ದು ದಿನಾಂಕ ಖಚಿತವಾಗಿದ್ದರೆ, ಕೊಂಡವರ ಮೌನವನ್ನು ಒಪ್ಪಿಗೆ ಎಂದು ತಿಳಿಯಬಹುದು. ತಡ ಅದಕ್ಕಿಂತ ದೀರ್ಘವಾಗಿದ್ದರೆ, ದಿನಾಂಕವೇ ಹೇಳಲಾಗದಿದ್ದರೆ, ಅಥವಾ ಒಮ್ಮೆ ಕೊಟ್ಟ ಹೊಸ ದಿನಾಂಕವೂ ತಪ್ಪುವಂತಿದ್ದರೆ ಮೌನದ ಅರ್ಥ ತಿರುಗುತ್ತದೆ: ಕೊಂಡವರು ಬಾಯಿಬಿಟ್ಟು ‘ಕಾಯುತ್ತೇನೆ’ ಎನ್ನದೆ ಮಾರುವವರು ಹಣ ಇಟ್ಟುಕೊಳ್ಳುವಂತಿಲ್ಲ.

ಆ ನಿಯಮ ಅಲ್ಲಿಯ ಗ್ರಾಹಕರಿಗೆ, ನಮ್ಮ ಪಿಒಗೆ ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿನ ತರ್ಕವನ್ನು ಎರವಲು ತರಬಹುದು. ಮೊದಲ ಸಲ ಮಾರುವವನ ಮಾತಿಗೆ ಇನ್ನೂ ಬೆಲೆ ಇದೆ. ಖಚಿತ ದಿನಾಂಕ ಓದಿಯೂ ಸುಮ್ಮನಿದ್ದವರು ಒಪ್ಪಿದ್ದಾರೆ ಎಂದು ತಿಳಿಯುವುದು ಸಹಜ. ಎರಡನೆಯ ಸಲಕ್ಕೆ ಆ ಬೆಲೆ ಖರ್ಚಾಗಿರುತ್ತದೆ. ಆಗ ಸುಮ್ಮನಿರುವುದು ಒಪ್ಪಿಗೆಯೋ ಬೇಸರವೋ ಹೇಳಲಾಗದು. ಆದ್ದರಿಂದ ಪೀಣ್ಯದ ಶೆಡ್ಡೂ ಇದನ್ನೇ ಪಾಲಿಸಬಹುದು. ಮೊದಲ ಸಂದೇಶಕ್ಕೆ ಉತ್ತರ ಬರದಿದ್ದರೆ ಒಂದು ಸಲ ಫೋನ್ ಮಾಡಿ ವಿಷಯ ಮುಟ್ಟಿದೆಯೆಂದು ಖಚಿತ ಮಾಡಿಕೊಂಡು ಸೋಮವಾರ ಗರಗಸ ಹಚ್ಚಬಹುದು. 26ರ ಸಂಜೆ ಗ್ರೈಂಡಿಂಗ್ ಮಿಷನ್ನಿನ ಸ್ಪಿಂಡಲ್ ಬೇರಿಂಗೇ ಹೋಯಿತು, 29 ಕೂಡ ತಪ್ಪುತ್ತದೆ ಎಂದು ಗೊತ್ತಾದರೆ, ಎರಡನೆಯ ಸಂದೇಶದ ಕೊನೆಯ ಸಾಲು ಬೇರೆಯಾಗಬೇಕು: ‘ನೀವು ಬೇಕು ಅಂತ ಬರೆದರೆ ಮಾತ್ರ ಮುಂದುವರಿಸ್ತೀವಿ, ಇಲ್ಲದಿದ್ರೆ ಅಡ್ವಾನ್ಸ್ ವಾಪಸ್.’ ಈ ಸಲ 18 ಅರ್ಧ ಮುಗಿದಿವೆ, ನಷ್ಟ ನಿಜವಾದದ್ದು. ಆದರೆ ಆ ನಷ್ಟವನ್ನು ಹೊರಬೇಕಾದವನು ಎರಡು ಸಲ ದಿನ ತಪ್ಪಿದವನೇ ಹೊರತು, ಎರಡು ಸಲ ಕಾದವರಲ್ಲ.

ಕೊನೆಯ ಆಕ್ಷೇಪಕ್ಕೆ ನನ್ನ ಬಳಿ ಅರ್ಧ ಉತ್ತರವಷ್ಟೇ ಇದೆ. ‘ನಾವು ಇಷ್ಟೆಲ್ಲ ಮಾಡಿದರೂ ಪಾರ್ಟಿಯ ವೆಂಡರ್ ರೇಟಿಂಗಿನಲ್ಲಿ ಬೀಳುವುದು ಒಂದೇ ಕೆಂಪು ಗುರುತು, ಎಂಟು ದಿನ ಮೊದಲು ಹೇಳಿದವನಿಗೂ, ಹೇಳದೆ ತಪ್ಪಿಸಿಕೊಂಡವನಿಗೂ ಒಂದೇ ಅಂಕ. ಮೇಲಾಗಿ, ನಮ್ಮ ಬಿಲ್ಲು ತಡವಾದಾಗ ಅವರೇನು ಹೊಸ ದಿನಾಂಕ ಕೊಡುತ್ತಾರೆಯೇ?’ ಇದು ನ್ಯಾಯವಾದ ದೂರು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು ಎಂದು 2006ರ ಎಂಎಸ್‌ಎಂಇಡಿ ಕಾಯಿದೆ ಹೇಳಿದರೂ ಬಿಲ್ಲಿನ ಹಿಂದೆ ಅಲೆಯುವುದು ನಿಂತಿಲ್ಲ. ಮೂಲ ದಿನಾಂಕವೊಂದನ್ನೇ ಹಿಡಿದು ಅಂಕ ಕೊಡುವ ಪದ್ಧತಿ ಮೊದಲೇ ಹೇಳಿದವನನ್ನು ಶಿಕ್ಷಿಸುತ್ತದೆ, ಮೌನವನ್ನು ಕಲಿಸುತ್ತದೆ. ಹೀಗಾಗಿ ‘ನಾಳೆ ಬಾ’ ಎಂಬ ಬರಹದಲ್ಲಿ ಒಂದು ಕೈ ಪರ್ಚೇಸ್ ವಿಭಾಗದ್ದೂ ಇದೆ. ಮೊದಲೇ ತಿಳಿಸಿದ ತಡ, ತಿಳಿಸದ ತಡ ಎಂದು ರೇಟಿಂಗ್ ಪಟ್ಟಿಯಲ್ಲಿ ಎರಡು ಕಾಲಮ್ ಮಾಡುವುದು ಅವರ ಕೈಯಲ್ಲೇ ಇರುವ ಕೆಲಸ.

ಅವರ ಕಡೆಯಿಂದ ಆಗಬೇಕಾದ ಇನ್ನೊಂದು ಕೆಲಸವನ್ನು ಇಂಗ್ಲೆಂಡಿನ ಹಳೆಯ ಮೊಕದ್ದಮೆಯೊಂದು ತೋರಿಸುತ್ತದೆ. ಗ್ಲಾಸ್ಟರಿನ ಒಂದು ಹಿಟ್ಟಿನ ಗಿರಣಿಯಲ್ಲಿ ಉಗಿ ಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಹೊಸದಕ್ಕೆ ಮಾದರಿಯಾಗಿ ಮುರಿದದ್ದನ್ನು ಗ್ರೀನಿಚ್‌ಗೆ ಕಳಿಸಬೇಕಿತ್ತು, ಸಾಗಣೆಯವರು ತಡ ಮಾಡಿದರು, ಅಷ್ಟು ದಿನ ಗಿರಣಿ ಸುಮ್ಮನೆ ನಿಂತಿತು. ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ನಡುವಿನ ಆ ಮೊಕದ್ದಮೆಯಲ್ಲಿ 1854ರಲ್ಲಿ ಬಂದ ತೀರ್ಪು, ಗಿರಣಿ ನಿಂತ ದಿನಗಳ ಲಾಭದ ನಷ್ಟವನ್ನು ಸಾಗಣೆಯವರ ತಲೆಗೆ ಕಟ್ಟಲಾಗದು ಎಂದಿತು. ಶಾಫ್ಟು ತಡವಾದರೆ ಗಿರಣಿಯೇ ನಿಲ್ಲುತ್ತದೆ ಎಂಬ ವಿಶೇಷ ಪರಿಸ್ಥಿತಿ ಕರಾರಿನ ಹೊತ್ತಿಗೆ ಇಬ್ಬರ ಮನಸ್ಸಿನಲ್ಲೂ ಇದ್ದಂತೆ ಕಾಣಲಿಲ್ಲ. ನಮ್ಮ 73ನೇ ಕಲಮಿನಲ್ಲಿರುವುದೂ ಇದೇ ತತ್ವ. ಪಿಒದಲ್ಲಿ ಬರೀ ‘20ನೇ ತಾರೀಖು’ ಎಂದು ಬರೆದು ಕೂರುವ ಪಾರ್ಟಿ ಆ ಗಿರಣಿಯವರ ಸ್ಥಿತಿಯಲ್ಲೇ ಇದ್ದಾರೆ. ‘ವಾರಕ್ಕೆ 12 ಸಾಕು’ ಎಂದೋ ‘60ನ್ನೂ ಹಡಗಿಗೆ ಏರಿಸುವ ಕೊನೆಯ ದಿನ ಇಂಥದ್ದು’ ಎಂದೋ ಅದರ ಕೆಳಗೆ ಒಂದು ಸಾಲು ಬರೆದಿದ್ದರೆ, ಶುಕ್ರವಾರ ಸಂಜೆ ಡಯಲ್ ಗೇಜಿನ ಮುಂದೆ ಕೂತ ಮಾಲೀಕನಿಗೆ 42ನ್ನು ಮೊದಲು ಕಳಿಸಬೇಕೋ, 18ಕ್ಕೆ ಆಗಲೇ ಬೇರೆ ಶೆಡ್ಡು ಹುಡುಕಿಕೊಡಬೇಕೋ ಎಂಬುದು ಅಲ್ಲೇ ತಿಳಿಯುತ್ತಿತ್ತು. ಅವನ ಸಂದೇಶದ ಕೊನೆಯಲ್ಲಿದ್ದ ‘60ನ್ನೂ ಒಟ್ಟಿಗೇ ಕಳಿಸಬೇಕಾದ ಮಾಲಾಗಿದ್ರೆ ತಿಳಿಸಿ’ ಎಂಬ ಪ್ರಶ್ನೆಗೆ ಉತ್ತರ ಪಿಒ ಟೈಪ್ ಮಾಡುವ ದಿನವೇ ಬರೆಯಬೇಕಾದದ್ದು.